‘ಆದಷ್ಟು ಬೇಗ ಬನ್ನಿ’ ಅಂದರೆ ಔಷಧಿ ಹೊಡೆಯುವವರು ಯಾವತ್ತು ಬರುತ್ತಾರೆ?

ತೀರ್ಥಹಳ್ಳಿ ತೋಟ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ, ಅಡಿಕೆ ತೋಟ ತೀರ್ಥಹಳ್ಳಿ ಹತ್ತಿರ ಇದೆ. ತೋಟ ನೋಡಿಕೊಳ್ಳೋದು ಅಪ್ಪ. ಜನ ಹೊಂದಿಸೋದು, ಫೋನು, ಮೆಸೇಜು ಎಲ್ಲ ಈಗ ನನ್ನ ಪಾಲಿಗೆ ಬಂದಿದೆ.

ನಮ್ಮೂರ ಕಡೆ ಔಷಧಿ ಹೊಡೆಯುವ ಮೇಸ್ತ್ರಿಗೆ ಎಲ್ಲರೂ ಕಳಿಸುವ ಮೆಸೇಜು ಹೆಚ್ಚು ಕಮ್ಮಿ ಒಂದೇ ಥರ. “ಔಷಧಿ ಹೊಡೆಯೋದಿದೆ, ಆದಷ್ಟು ಬೇಗ ಬನ್ನಿ, ಸ್ವಲ್ಪ ಅರ್ಜೆಂಟ್.” ಅವರ ಉತ್ತರವೂ ಒಂದೇ ಥರ. “ಆಯ್ತು, ನೋಡ್ತೀನಿ.” ಆಮೇಲೆ ಫೋನು ಮಾಡಿದಾಗಲೆಲ್ಲ “ಈ ವಾರ ಮುಗಿಸಿಕೊಡ್ತೀನಿ”. ಹೋದ ಸಲ ಅವರು ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಮರದಡಿ ಹಸಿ ಕಾಯಿ ಉದುರಿ ಬಿದ್ದಿದ್ದು ನೋಡಿ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈ ಸಲ ಮೆಸೇಜನ್ನೇ ಬೇರೆ ಥರ ಬರೆಯಬೇಕು ಅಂತಿದ್ದೇನೆ. ದಿನ ಸಿಗಬೇಕು, ಕೆಲಸ ಮುಗಿದಿದೆಯಾ ಇಲ್ವಾ ಅಂತ ನೋಡಿ ಹೇಳುವ ಹಾಗೆ ಇರಬೇಕು. ಆದರೆ ಆರ್ಡರ್ ಹಾಕಿದ ಹಾಗೆ ಕೇಳಬಾರದು. ನೀವೆಲ್ಲ ಹೇಗೆ ಬರೀತೀರಿ?

ಕೊಪ್ಪ ಘಾಟಿ

ಮೆಸೇಜ್ ಯಾಕೆ, ನೇರ ಮನೆಗೆ ಹೋಗಿ ಕೂತರೆ ಆಯ್ತು.

ಅಡಿಕೆ ಅಣ್ಣ

ಕೊಳೆ ರೋಗಕ್ಕೆ ಬೋರ್ಡೋ ಒಂದನ್ನೇ ನಂಬಬೇಡಿ. ಈಗ ಬೇರೆ ಬೇರೆ ಔಷಧಿ ಬಂದಿವೆ. ನಾನು ಹೋದ ವರ್ಷ ಅಂಗಡಿಯವರು ಕೊಟ್ಟಿದ್ದು ಹೊಡೆಸಿದೆ, ಪರವಾಗಿಲ್ಲ. ಜೊತೆಗೆ ಬಸಿಗಾಲುವೆ ಬಿಡಿಸಿ, ತೋಟದಲ್ಲಿ ನೀರು ನಿಂತರೆ ಏನು ಹೊಡೆದರೂ ಅಷ್ಟೇ.

ತೀರ್ಥಹಳ್ಳಿ ತೋಟ

ಅಣ್ಣ, ಔಷಧಿ ಯಾವುದು ಅನ್ನೋದು ನನ್ನ ಪ್ರಶ್ನೆ ಅಲ್ಲ. ನಾವು ಮೈಲುತುತ್ತ, ಸುಣ್ಣದ ಬೋರ್ಡೋನೇ ಹೊಡೆಸೋದು, ಅದರಲ್ಲಿ ಸಮಸ್ಯೆ ಇಲ್ಲ. ಹೊಡೆಯುವವರು ಯಾವತ್ತು ಬರುತ್ತಾರೆ ಅನ್ನೋದೇ ಗೊತ್ತಾಗಲ್ಲ, ಅದು ತಲೆನೋವು. ಬಸಿಗಾಲುವೆ ಮಾತು ಸರಿ, ಅಪ್ಪನಿಗೆ ಹೇಳ್ತೀನಿ.

ದೋಟಿ ಮೇಸ್ತ್ರಿ

ಅಕ್ಕ, ನಾನು ಅದೇ ಕೆಲಸದವನು. ಹೊಸನಗರ, ತೀರ್ಥಹಳ್ಳಿ ಎರಡೂ ಕಡೆ ತಂಡ ಹೋಗುತ್ತೆ. ಹಾಗಾಗಿ ಈ ಕಡೆಯಿಂದ ಏನು ಕಾಣುತ್ತೆ ಅಂತ ಹೇಳ್ತೀನಿ.

ಮೇ ತಿಂಗಳಲ್ಲಿ ನನ್ನ ಫೋನು ತೆಗೆದು ನೋಡಿದರೆ ಎಲ್ಲರದ್ದೂ “ಬೇಗ ಬನ್ನಿ”. ಎಲ್ಲರದ್ದೂ ಅರ್ಜೆಂಟ್. ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ನಾನು ಹೇಗೆ ಗೊತ್ತು ಮಾಡಲಿ? ಮೆಸೇಜಲ್ಲಿ ಅದಕ್ಕೆ ಬೇಕಾದ್ದು ಏನೂ ಇರಲ್ಲ. ಆಗ ಹತ್ತಿರದ ತೋಟಕ್ಕೆ ಹೋಗ್ತೀನಿ, ಇಲ್ಲಾ ದಿನಾ ಫೋನು ಮಾಡುವವರ ತೋಟಕ್ಕೆ ಹೋಗ್ತೀನಿ. ಇದು ಸರಿ ಅಂತ ಹೇಳ್ತಿಲ್ಲ, ನಡೆಯೋದು ಹೀಗೆ.

ನನಗೆ ಬೇಕಾಗಿರೋದು ಮೂರು ನಾಲ್ಕು ಮಾತು ಅಷ್ಟೇ. ಎಷ್ಟು ಮರ? ನೀರು ತೋಟದ ಯಾವ ಮೂಲೆಯಲ್ಲಿ ಸಿಗುತ್ತೆ, ಪೈಪು ಎಲ್ಲಿವರೆಗೆ ಎಳೀಬೇಕು? ಮೈಲುತುತ್ತ, ಸುಣ್ಣ, ರಾಳ ಮನೆಯಲ್ಲಿ ಬಂದು ಬಿದ್ದಿದೆಯಾ, ಇಲ್ಲಾ ನಾವು ಬಂದ ಮೇಲೆ ಪೇಟೆಗೆ ಓಡ್ತೀರಾ? ಮತ್ತೆ ಯಾವ ದಿನಕ್ಕಿಂತ ತಡ ಆದರೆ ನಿಮಗೆ ನಷ್ಟ? ಇಷ್ಟು ಬರೆದವರಿಗೆ ನಾನು ದಿನ ಕೊಡ್ತೀನಿ. ಬರೆಯದವರಿಗೆ “ನೋಡ್ತೀನಿ” ಅಂತೀನಿ. ಯಾಕೆ ಅಂದ್ರೆ ಅವರ ತೋಟ ಒಂದು ದಿನದ ಕೆಲಸವೋ ಮೂರು ದಿನದ ಕೆಲಸವೋ ನನಗೇ ಗೊತ್ತಿಲ್ಲ.

ತೀರ್ಥಹಳ್ಳಿ ತೋಟ

ಮೇಸ್ತ್ರಿಯವರೇ, ಇದು ಬಹಳ ಉಪಯೋಗ ಆಯ್ತು. ದಿನ ಕೇಳಿದರೆ ನಿಮ್ಮಂಥವರಿಗೆ ಬೇಜಾರಾಗುತ್ತೆ ಅಂತ ನಮ್ಮ ಕಡೆ ಯಾರೂ ಕೇಳೋದೇ ಇಲ್ಲ.

ದೋಟಿ ಮೇಸ್ತ್ರಿ

ದಿನ ಕೇಳಿದರೆ ಬೇಜಾರಿಲ್ಲ ಅಕ್ಕ. ದಿನ ಕೊಟ್ಟ ಮೇಲೆ ಬಂದು ನೋಡಿದರೆ ಮೈಲುತುತ್ತ ತಂದೇ ಇಲ್ಲ, ಆಗ ಬೇಜಾರು. ಆರು ಜನ ಸುಮ್ನೆ ಕೂತಿರ್ತಾರೆ. ಆ ದಿನದ ಕೂಲಿ ಯಾರ ತಲೆ ಮೇಲೆ?

ಹಳೇ ಮನೆ ಜಗಲಿ

ನಾನು ಒಪ್ಪಲ್ಲ. ನಮ್ಮ ಕಾಲದಲ್ಲಿ ಕೊನೆ ತೆಗೆಯುವವರಿಗೆ, ಔಷಧಿಯವರಿಗೆ ಯಾರೂ ತಾರೀಖು ಬರೆದು ಕಳಿಸುತ್ತಿರಲಿಲ್ಲ. “ಬನ್ರೋ” ಅಂದರೆ ಬರುತ್ತಿದ್ದರು, ಮನೆಯವರ ಥರ ಇದ್ದರು. ಈಗ ದಿನ, ಗಂಟೆ, ಲೆಕ್ಕ ಅಂತ ಕೂತರೆ ಇರುವ ನಾಲ್ಕು ಜನರೂ ಬೇರೆ ತೋಟ ನೋಡಿಕೊಳ್ಳುತ್ತಾರೆ. ಜನ ಸಿಗೋದೇ ಕಷ್ಟ ಇರುವಾಗ ಇದೆಲ್ಲ ಆಫೀಸಿನ ರೀತಿ, ತೋಟಕ್ಕೆ ಹೊಂದಲ್ಲ.

ಆಗುಂಬೆ ಮಳೆ

ಹಳೇ ಮನೆಯವರೇ, ಹಿಂದೆಯೂ ದಿನ ಇತ್ತು. ಮಳೆ ನಕ್ಷತ್ರ ಹೇಳುತ್ತಿದ್ದರಲ್ಲ. “ರೋಹಿಣಿ ಮಳೆ ಒಳಗೆ ಮೊದಲ ಔಷಧಿ ಆಗಲೇಬೇಕು” ಅಂತ ನಮ್ಮಜ್ಜ ಹೇಳೋರು. ಅದಕ್ಕಿಂತ ಸ್ಪಷ್ಟ ಏನು ಬೇಕು? ಎಲ್ಲರಿಗೂ ಗೊತ್ತಿರುವ ಲೆಕ್ಕ, ಪಂಚಾಂಗದಲ್ಲೇ ಇದೆ. ನಾನು ಇವತ್ತಿಗೂ ಹಾಗೇ ಹೇಳೋದು.

ಸಾಗರದ ನಿವೃತ್ತ

ಅರ್ಧ ಸರಿ, ಅರ್ಧ ಇಲ್ಲ. ಒಂದು ಮಳೆ ನಕ್ಷತ್ರ ಅಂದರೆ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಶುರುವಾಗೋದು ಮೇ 25ರ ಸುಮಾರಿಗೆ, ಮುಗಿಯೋದು ಜೂನ್ ಮೊದಲ ವಾರದಲ್ಲಿ. “ರೋಹಿಣಿ ಒಳಗೆ” ಅಂದರೆ ರೋಹಿಣಿ ಹುಟ್ಟುವುದಕ್ಕೆ ಮುಂಚೆಯಾ, ಮುಗಿಯುವುದಕ್ಕೆ ಮುಂಚೆಯಾ? ತೋಟದವರು ಮೊದಲನೆಯದು ಅಂದುಕೊಂಡಿರುತ್ತಾರೆ, ಮೇಸ್ತ್ರಿ ಎರಡನೆಯದು. ಎರಡರ ನಡುವೆ ಎರಡು ವಾರ ಇದೆ. ಕೊಳೆ ಹತ್ತೋಕೆ ಅಷ್ಟು ಸಾಕು.

ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಆದರೆ 2025ರಲ್ಲಿ ಮೇ 24ಕ್ಕೇ ಬಂತು. “ಮಳೆ ಹಿಡಿಯುವ ಮುಂಚೆ ಬನ್ನಿ” ಅಂತ ಹೇಳಿ ಜೂನ್ ಬರಲಿ ಅಂತ ಕಾದವರ ಕಥೆ ಏನಾಗಬೇಕು? ಮಳೆ ಬಂದ ಮೇಲಷ್ಟೇ ಗಡುವು ದಾಟಿತು ಅಂತ ಗೊತ್ತಾಗೋದು. ಅಷ್ಟು ಹೊತ್ತಿಗೆ ಮಾಡೋಕೆ ಏನೂ ಉಳಿದಿರಲ್ಲ. ಹಾಗಾಗಿ ಗಡುವನ್ನು ಮಳೆಗೆ ಕಟ್ಟಬಾರದು, ಕ್ಯಾಲೆಂಡರಿಗೆ ಕಟ್ಟಬೇಕು. ಮಳೆ ಯಾಕೆ ಅನ್ನೋದನ್ನು ಕಾರಣವಾಗಿ ಹೇಳಬಹುದು.

ನಾನು ಸರ್ಕಾರಿ ಕಚೇರಿಯಲ್ಲಿ ಪತ್ರ ಬರೆದು, ಓದಿ ನಿವೃತ್ತನಾದವನು. ಒಂದು ಉದಾಹರಣೆ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಮಾಹಿತಿ ಹಕ್ಕು ಕಾಯ್ದೆ, 2005 ತೆಗೆದು ಏಳನೇ ಸೆಕ್ಷನ್ ನೋಡಿ. ಅಲ್ಲೂ “ಸಾಧ್ಯವಾದಷ್ಟು ಬೇಗ” ಅನ್ನೋ ಅರ್ಥದ ಮಾತು ಇದೆ. ಆದರೆ ಅಲ್ಲಿಗೇ ನಿಲ್ಲಿಸಿಲ್ಲ. ಅದರ ಬೆನ್ನಿಗೇ, ಏನೇ ಆದರೂ ಅರ್ಜಿ ತಲುಪಿದ 30 ದಿನದ ಒಳಗೆ ಅಂತ ಇದೆ. ಯಾರದಾದರೂ ಜೀವ ಅಥವಾ ಸ್ವಾತಂತ್ರ್ಯದ ವಿಷಯ ಆದರೆ 48 ಗಂಟೆ. ಅಷ್ಟರಲ್ಲಿ ಅಧಿಕಾರಿ ಏನೂ ಹೇಳದೆ ಸುಮ್ಮನಿದ್ದರೆ ಅದನ್ನು ನಿರಾಕರಣೆ ಅಂತಲೇ ಲೆಕ್ಕ ಹಾಕಬೇಕು. ಆಗ ಮುಂದಿನ 30 ದಿನದಲ್ಲಿ ಮೇಲ್ಮನವಿ ಹಾಕಬಹುದು.

ಇದರಲ್ಲಿ ಗಮನಿಸಬೇಕಾದ್ದು 30 ಅನ್ನೋ ಅಂಕಿ ಮಾತ್ರ ಅಲ್ಲ. ಲೆಕ್ಕ ಯಾವತ್ತಿಂದ ಶುರು ಅಂತ ಹೇಳಿದ್ದಾರೆ. ಯಾವತ್ತಿಗೆ ಮುಗೀತು ಅಂತ ಹೇಳಿದ್ದಾರೆ. ಉತ್ತರ ಬರದಿದ್ದರೆ ಅದಕ್ಕೆ ಏನರ್ಥ ಅಂತಲೂ ಹೇಳಿದ್ದಾರೆ. ತೋಟದವರ ಮೆಸೇಜಿನಲ್ಲಿ ಸಾಮಾನ್ಯವಾಗಿ ಮೂರನೆಯದು ಇರೋದೇ ಇಲ್ಲ. ಮೇಸ್ತ್ರಿ ಉತ್ತರ ಕೊಡಲಿಲ್ಲ ಅಂದರೆ ಇವರು ಒಪ್ಪಿದ್ದಾರೆ ಅಂದುಕೊಂಡು ಕೂತಿರುತ್ತಾರೆ.

ಕೊಪ್ಪ ಘಾಟಿ

ಔಷಧಿ ಮೇಸ್ತ್ರಿ ಮೇಲೆ ಮೇಲ್ಮನವಿ ಯಾರಿಗೆ ಹಾಕೋದು ಸರ್?

ಸಾಗರದ ನಿವೃತ್ತ

ಮೇಲ್ಮನವಿ ಅಂದರೆ ಇಲ್ಲಿ ಇನ್ನೊಂದು ತಂಡ. “ಸೋಮವಾರ ರಾತ್ರಿ ಒಳಗೆ ನಿಮ್ಮಿಂದ ಏನೂ ಬರದಿದ್ದರೆ ಈ ಸಲ ನಿಮಗೆ ಆಗಲ್ಲ ಅಂದುಕೊಂಡು ಬೇರೆಯವರನ್ನು ಕೇಳ್ತೀನಿ” ಅಂತ ಮೊದಲೇ ಬರೆದಿಡಿ. ಇದು ಬೆದರಿಕೆ ಅಲ್ಲ. ಅವರಿಗೂ “ಆಗಲ್ಲ” ಅಂತ ಬಾಯಿಬಿಟ್ಟು ಹೇಳುವ ಮುಜುಗರ ತಪ್ಪುತ್ತೆ. ನಮ್ಮ ಕಡೆ ಜನ ಇಲ್ಲ ಅನ್ನೋಕೆ ಹಿಂಜರಿದೇ “ನೋಡ್ತೀನಿ” ಅನ್ನೋದು.

ದೋಟಿ ಮೇಸ್ತ್ರಿ

ಇದು ನಿಜ. ಹಳೇ ಗಿರಾಕಿ ಮನೆಗೆ “ಆಗಲ್ಲ” ಅನ್ನೋದು ಬಹಳ ಕಷ್ಟ.

ಹಳೇ ಮನೆ ಜಗಲಿ

ಆದರೂ ಸರ್, “ಬೇರೆಯವರನ್ನು ಕೇಳ್ತೀನಿ” ಅಂತ ಮೊದಲ ಮೆಸೇಜಲ್ಲೇ ಬರೆದರೆ ಸಂಬಂಧ ಕೆಡುತ್ತೆ. ಇಪ್ಪತ್ತು ವರ್ಷದಿಂದ ಬರುತ್ತಿರುವವರಿಗೆ ಹೀಗೆ ಬರೀತೀರಾ? ನನಗೆ ಸರಿ ಕಾಣಲ್ಲ.

ಹೊಸನಗರ ಮನೆ ಆಫೀಸು

ನನ್ನದು ಬೇರೆ ಕೆಲಸ, ಆದರೆ ಇದೇ ತೊಂದರೆ. ನಾನು ಹೊಸನಗರದ ಮನೆಯಿಂದಲೇ ಅಮೆರಿಕದ ಕಂಪನಿಯೊಂದಕ್ಕೆ ಕೆಲಸ ಮಾಡೋದು. ಅಲ್ಲಿಂದ “ದಿನದ ಕೊನೆಗೆ ಕಳಿಸಿ” ಅಂತ ಬರುತ್ತೆ. ಯಾರ ದಿನದ ಕೊನೆ? ನ್ಯೂಯಾರ್ಕಿನಲ್ಲಿ ಬೇಸಿಗೆಯಲ್ಲಿ ಸಂಜೆ 6 ಅಂದರೆ ನಮಗೆ ಮಾರನೇ ದಿನ ಬೆಳಗಿನ ಜಾವ 3.30. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದೆ ಹಾಕಿದ ಮೇಲೆ 4.30. ನಾನು ಸಂಜೆ 6ಕ್ಕೆ ಕಳಿಸಬೇಕು ಅಂತ ಒದ್ದಾಡುತ್ತಿದ್ದೆ, ಆಗ ಅಲ್ಲಿ ಬೇಸಿಗೆಯಲ್ಲೂ ಬೆಳಿಗ್ಗೆ ಎಂಟೂವರೆ, ಇನ್ನೂ ಯಾರೂ ಕೆಲಸಕ್ಕೆ ಕೂತಿರಲ್ಲ.

ಈಗ ನಾನೇ ತಿರುಗಿ ಬರೀತೀನಿ. “ಗುರುವಾರ ನಿಮ್ಮ ಬೆಳಿಗ್ಗೆ 9ಕ್ಕೆ ಮೇಲ್‌ನಲ್ಲಿ ಇರುತ್ತೆ, ಆಗಬಹುದಾ?” ಅಂತ. ಹೆಚ್ಚಿನ ಸಲ “ಧಾರಾಳವಾಗಿ” ಅಂತಲೇ ಬರುತ್ತೆ. ಅವರು ದಿನ ಕೊಡದಿದ್ದರೆ ನಾವೇ ಒಂದು ದಿನ ಇಟ್ಟು ಕೇಳೋದು ಸುಲಭ. ಕೇಳಿಸಿಕೊಂಡವರು ಬರೀ ಹೌದು ಅಥವಾ ಇಲ್ಲ ಅಂದರೆ ಸಾಕು.

ಮಳೆಗಾಲದಲ್ಲಿ ಕರೆಂಟು ಹೋದರೆ ಏನು ಗತಿ ಅಂತ ಕೇಳಬೇಡಿ, ಅದು ಬೇರೆಯೇ ಚರ್ಚೆ.

ಅಡಿಕೆ ಅಣ್ಣ

ಹೊಸನಗರದಲ್ಲಿ ನೆಟ್‌ವರ್ಕ್ ಯಾವುದು ಸಿಗುತ್ತೆ? ನಮ್ಮ ಕಡೆ ಗುಡ್ಡ ಹತ್ತಬೇಕು.

ಹೊಸನಗರ ಮನೆ ಆಫೀಸು

ಫೈಬರ್ ಹಾಕಿಸಿದ್ದೇನೆ ಅಣ್ಣ, ಮರ ಬಿದ್ದಾಗ ಅದೂ ಹೋಗುತ್ತೆ. ಬೇರೆ ಥ್ರೆಡ್‌ನಲ್ಲಿ ಬರೀತೀನಿ.

ತೀರ್ಥಹಳ್ಳಿ ತೋಟ

ಎಲ್ಲರ ಮಾತು ಸೇರಿಸಿ ಒಂದು ಮೆಸೇಜು ಬರೆದಿದ್ದೇನೆ. ಎಲ್ಲಿ ತಪ್ಪಿದೆ ನೋಡಿ ಹೇಳಿ.

“ನಮಸ್ಕಾರ ಅಣ್ಣ. ಈ ಸಲ ಮೊದಲ ಔಷಧಿ ಮೇ 22ರ ಶುಕ್ರವಾರ ಸಂಜೆಗೆ ಮುಗಿದಿರಬೇಕು. ಆಮೇಲೆ ಮಳೆ ಯಾವತ್ತು ಬೇಕಾದರೂ ಹಿಡಿಯಬಹುದು ಅಂತ ಅಪ್ಪನಿಗೆ ಚಿಂತೆ. ಮರ ಸುಮಾರು ಒಂಬೈನೂರು, ಹೋದ ಸಲ ಎರಡು ದಿನ ಆಗಿತ್ತು. ನೀರು ಕೆರೆ ಕಡೆಯಿಂದ, ಪೈಪು ಕೆಳಗಿನ ತುಂಡಿನವರೆಗೆ ಇದೆ. ಮೈಲುತುತ್ತ, ಸುಣ್ಣ, ರಾಳ ಮೇ 16ರ ಶನಿವಾರ ಮನೆಗೆ ಬಂದಿರುತ್ತೆ, ಫೋಟೋ ಕಳಿಸ್ತೀನಿ. 18ರಿಂದ 22ರ ಒಳಗೆ ನಿಮಗೆ ಯಾವ ಎರಡು ದಿನ ಆಗುತ್ತೆ? ಈ ಭಾನುವಾರ ರಾತ್ರಿ ಒಳಗೆ ಹೇಳಿದರೆ ಅನುಕೂಲ. ಆಗಲ್ಲ ಅಂದರೂ ಬೇಜಾರಿಲ್ಲ, ಹೇಳಿ, ಬೇರೆ ದಾರಿ ನೋಡ್ತೀವಿ.”

ದೋಟಿ ಮೇಸ್ತ್ರಿ

ಈ ಮೆಸೇಜು ನನಗೆ ಬಂದಿದ್ದರೆ ಅವತ್ತೇ ದಿನ ಕೊಡ್ತಿದ್ದೆ. ಎರಡು ಮಾತು ಸೇರಿಸಿ.

ಒಂದು, ಆ ಎರಡು ದಿನದಲ್ಲೇ ಮಳೆ ಬಂದರೆ ಏನು ಅಂತ ಬರೆದಿಲ್ಲ. ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬಂದೇ ಬರುತ್ತೆ. ಒದ್ದೆ ಗೊನೆಗೆ ಹೊಡೆದರೆ ನಿಲ್ಲಲ್ಲ, ಹೊಡೆದು ಒಣಗೋಕೆ ಮುಂಚೆ ಮಳೆ ಬಂದರೆ ತೊಳೆದು ಹೋಗುತ್ತೆ. ಹಾಗಾಗಿ “ಮಳೆ ಬಂದು ನಿಂತರೆ ಮಾರನೇ ಒಣ ದಿನ ಬೆಳಿಗ್ಗೆ ಮುಂದುವರಿಸೋದು, ಮಧ್ಯ ಬೇರೆ ತೋಟಕ್ಕೆ ಹೋಗಬಾರದು” ಅಂತ ಮೊದಲೇ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಅರ್ಧ ತೋಟ ಹೊಡೆದು ನಿಲ್ಲಿಸಿದ ತಂಡ ಮುಂದಿನ ಮನೆಗೆ ಹೋಗಿರುತ್ತೆ. ಯಾಕೆ ಅಂದ್ರೆ ಅಲ್ಲಿ ಅವತ್ತಿಗೆ ದಿನ ಕೊಟ್ಟಾಗಿರುತ್ತೆ. ನನ್ನ ತಂಡಕ್ಕೂ ಹೀಗಾಗಿದೆ, ಇದರಿಂದಲೇ ಜಾಸ್ತಿ ಜಗಳ ಆಗೋದು.

ಎರಡು, “ಮುಗಿದಿರಬೇಕು” ಅಂದಿದ್ದೀರಿ. ಮುಗಿದಿದೆ ಅಂತ ನೋಡೋದು ಹೇಗೆ?

ತೀರ್ಥಹಳ್ಳಿ ತೋಟ

ಅದೇ ನನಗೂ ಸರಿಯಾಗಿ ಗೊತ್ತಿಲ್ಲ. ಅಪ್ಪನಿಗೆ ಈಗ ಇಡೀ ತೋಟ ಸುತ್ತೋಕೆ ಆಗಲ್ಲ.

ಕುಪ್ಪಳಿ ರಸ್ತೆ

ನಾನು ಹೇಳ್ತೀನಿ, ನಮ್ಮ ಮನೆಯಲ್ಲಿ ನಾನೇ ನಿಂತು ಮಾಡಿಸೋದು. “ಚೆನ್ನಾಗಿ ಹೊಡೀರಿ” ಅಂತ ಹೇಳೋದೂ “ಬೇಗ ಬನ್ನಿ” ಅನ್ನೋ ಜಾತಿಯದ್ದೇ. ಎಲ್ಲರೂ ಹೂಂ ಅಂತಾರೆ, ಯಾರಿಗೂ ಅಳತೆ ಇಲ್ಲ.

ಮೊದಲು ಮಿಶ್ರಣ. ಶೇಕಡಾ ಒಂದರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. 200 ಲೀಟರ್ ಡ್ರಮ್ಮಾದರೆ ಎರಡೆರಡು ಕಿಲೋ. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸೋದು. ಸುಣ್ಣ ಹಳೇದಾಗಿದ್ದರೆ ತೂಕ ಸರಿ ಇದ್ದರೂ ಸಾಲಲ್ಲ. ಅದಕ್ಕೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿ ಅಲಗನ್ನು ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೀರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಕಮ್ಮಿ, ಇನ್ನೂ ಹಾಕಬೇಕು. ಏನೂ ಕೂರದಿದ್ದರೆ ಸರಿ. ಇದು ಯಾರು ಬೇಕಾದರೂ ನಿಂತಲ್ಲೇ ನೋಡಬಹುದು, ತೋಟ ಸುತ್ತಬೇಕಿಲ್ಲ. ಪ್ರತಿ ಡ್ರಮ್ಮಿಗೂ ನೋಡೋದು ಅಂತ ಮಾತಾಡಿಕೊಳ್ಳಿ. ಮತ್ತೆ ಕಲಸಿದ್ದು ಅವತ್ತೇ ಖರ್ಚಾಗಬೇಕು, ನಾಳೆಗೆ ಇಡುವ ಹಾಗಿಲ್ಲ.

ಆಮೇಲೆ ಹೊಡೆದದ್ದು. ಒಣಗಿದ ಮೇಲೆ ಗೊನೆ ಮೇಲೆ ತಿಳಿ ನೀಲಿ ಬಣ್ಣ ಕೂತಿರುತ್ತೆ, ಕೆಳಗೆ ನಿಂತರೂ ಕಾಣುತ್ತೆ. ದಾರಿ ಪಕ್ಕದ ಸಾಲು ನೋಡಬೇಡಿ, ಅದು ಯಾವಾಗಲೂ ಚೆನ್ನಾಗೇ ಇರುತ್ತೆ. ಕೆರೆ ಮೂಲೆ, ಬೇಲಿ ಪಕ್ಕ, ಪೈಪು ಎಳೆಯೋಕೆ ಕಷ್ಟ ಆಗುವ ಜಾಗ ನೋಡಿ. ಅಪ್ಪನಿಗೆ ಆಗದಿದ್ದರೆ ಆ ಮೂರು ಜಾಗದ ಫೋಟೋ ಕಳಿಸಿ ಅಂತ ಮೇಸ್ತ್ರಿಗೇ ಹೇಳಿ. “ಎಲ್ಲಾ ಚೆನ್ನಾಗಾಗಿದೆ” ಅನ್ನೋ ಮೆಸೇಜಿಗಿಂತ ಬೇಲಿ ಪಕ್ಕದ ಒಂದು ನೀಲಿ ಗೊನೆ ಫೋಟೋ ಮೇಲು.

ಹಳೇ ಮನೆ ಜಗಲಿ

ಕತ್ತಿ ಅದ್ದಿ ನೋಡೋದು ನಮ್ಮಲ್ಲೂ ಇತ್ತು. ಅದು ಒಳ್ಳೇದು, ಅದನ್ನು ಒಪ್ಪುತ್ತೇನೆ. ಫೋಟೋ ಕೇಳೋದು ಮಾತ್ರ ನಂಬಿಕೆ ಇಲ್ಲ ಅಂದ ಹಾಗೆ.

ದೋಟಿ ಮೇಸ್ತ್ರಿ

ಫೋಟೋ ಕೇಳಿದರೆ ನನಗೆ ಲಾಭವೇ ಜಗಲಿಯವರೇ. ಆಗಸ್ಟ್‌ನಲ್ಲಿ ಕೊಳೆ ಬಂದರೆ ಮೊದಲು ಬೈಯೋದು ನನ್ನನ್ನೇ. ಮೇ 22ಕ್ಕೆ ಹೊಡೆದಿದ್ದು ಫೋಟೋದಲ್ಲಿ ಇದ್ದರೆ ನಾನು ತೋರಿಸಬಹುದು. ಆದರೆ ಕೆಲಸದ ಮಧ್ಯ ಕೇಳಬೇಡಿ, ಕೈಯೆಲ್ಲ ಔಷಧಿ ಇರುತ್ತೆ. ಸಂಜೆ ಕೇಳಿ.

ಪ್ರೆಸ್ ಗಲ್ಲಿ ಶಿವಮೊಗ್ಗ

ನಾನು ಶಿವಮೊಗ್ಗದಲ್ಲಿ ಮದುವೆ ಕಾಗದ ಅಚ್ಚು ಹಾಕಿಸುವವನು. “ಬೇಗ ನೋಡಿ ಹೇಳಿ” ಅಂತ ಕರಡು ಕಳಿಸಿದರೆ ಗಿರಾಕಿ ನಾಲ್ಕು ದಿನ ನೋಡಲ್ಲ. ಈಗ “ಹುಡುಗಿ ಹೆಸರು, ಮುಹೂರ್ತದ ಗಂಟೆ, ಛತ್ರದ ವಿಳಾಸ ಈ ಮೂರು ಓದಿ ಇವತ್ತು ರಾತ್ರಿ 8ಕ್ಕೆ ಸರಿ ಅಂತ ಬರೆಯಿರಿ, 8ಕ್ಕೆ ಬಂದರೆ ನಾಳೆ ಬೆಳಿಗ್ಗೆ ಮಷಿನ್‌ಗೆ ಹೋಗುತ್ತೆ, ಇಲ್ಲದಿದ್ದರೆ ಸೋಮವಾರ” ಅಂತೀನಿ. ಉತ್ತರ ಬರುತ್ತೆ. ತಡ ಆದರೆ ಏನಾಗುತ್ತೆ ಅನ್ನೋದು ಅವರಿಗೇ ಕಾಣುತ್ತಲ್ಲ.

ಆಗುಂಬೆ ಮಳೆ

ಒಂದು ಮಾತು. ಗಡುವು ನಿಜವಾಗಿ 28 ಆದರೂ 22 ಅಂತ ಹೇಳಿ. ಆರು ದಿನ ಕೈಯಲ್ಲಿರುತ್ತೆ. ಎಲ್ಲರೂ ಹಾಗೇ ಮಾಡೋದು.

ದೋಟಿ ಮೇಸ್ತ್ರಿ

ಎಲ್ಲರೂ ಹಾಗೇ ಮಾಡೋದು ನಮಗೂ ಗೊತ್ತು. ಅದಕ್ಕೇ 22 ಅಂದರೆ 28 ಅಂತ ನಾವೂ ಲೆಕ್ಕ ಹಾಕ್ತೀವಿ. ಆಮೇಲೆ ನಿಜವಾಗಿ 22 ಬೇಕಿದ್ದವರು ಸಿಕ್ಕಿಹಾಕಿಕೊಳ್ತಾರೆ.

ಹೊಸನಗರ ಮನೆ ಆಫೀಸು

ಹಾಗಾದರೆ ಎರಡನ್ನೂ ಬಿಚ್ಚಿ ಹೇಳಿದರೆ? “22ಕ್ಕೆ ಆದರೆ ನೆಮ್ಮದಿ, 26 ಕಡೇ ದಿನ, ಅದಾದ ಮೇಲೆ ಬರೋದು ಬೇಡ” ಅಂತ.

ಆಗುಂಬೆ ಮಳೆ

ಎರಡು ದಿನ ಹೇಳಿದರೆ ಎಲ್ಲರೂ ಕಡೇದನ್ನೇ ಹಿಡೀತಾರೆ. ನೋಡಿ ಬೇಕಾದರೆ.

ದೋಟಿ ಮೇಸ್ತ್ರಿ

ನಾನಂತೂ ಎರಡೂ ಹೇಳಿದವರಿಗೆ 22ರ ಹತ್ತಿರವೇ ಕೊಡೋಕೆ ನೋಡ್ತೀನಿ. ಬೇರೆಯವರದ್ದು ಗೊತ್ತಿಲ್ಲ.

ಸಾಗರದ ನಿವೃತ್ತ

ಇದರಲ್ಲಿ ನಾನು ಮೇಸ್ತ್ರಿ ಕಡೆ. ಸುಳ್ಳು ಗಡುವು ಒಂದು ಸಲ ಗೊತ್ತಾದರೆ ಮುಂದಿನ ವರ್ಷದ ನಿಜವಾದ ಗಡುವೂ ಹೋಗುತ್ತೆ. ಕಚೇರಿಯಲ್ಲಿ ಎಲ್ಲ ಕಡತದ ಮೇಲೂ “ತುರ್ತು” ಅಂತ ಕೆಂಪು ಶಾಯಿಯಲ್ಲಿ ಬರೆದು ಬರೆದು, ಕೊನೆಗೆ ಆ ಕೆಂಪು ಶಾಯಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸರ್ಕಾರದ ಸಕಾಲ ಯೋಜನೆಯಲ್ಲಿ ನೋಡಿ, ಅರ್ಜಿ ಕೊಟ್ಟ ಕೂಡಲೇ ಒಂದು ನಂಬರು ಕೊಡುತ್ತಾರೆ. ಆ ಸೇವೆಗೆ ಎಷ್ಟು ದಿನ ಅಂತ ಮೊದಲೇ ನಿಗದಿ ಇದೆ. ತಡ ಆದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅರ್ಜಿದಾರರು ಪರಿಹಾರ ಕೇಳಬಹುದು. ದುಡ್ಡು ದೊಡ್ಡದಲ್ಲ. ಆದರೆ “ಮುಂದಿನ ವಾರ ಬನ್ನಿ” ಅಂತ ಹೇಳುವ ಗುಮಾಸ್ತರಿಗೂ, ಕೇಳಿಸಿಕೊಳ್ಳುವ ಅರ್ಜಿದಾರರಿಗೂ ಒಂದೇ ತಾರೀಖು ಕಾಣುತ್ತೆ. ಜಗಳ ಆ ತಾರೀಖಿನ ಮೇಲೆ ನಡೆಯುತ್ತೆ, ಮನುಷ್ಯರ ಮೇಲೆ ಅಲ್ಲ.

ಅಡಿಕೆ ಅಣ್ಣ

ನಮ್ಮಲ್ಲಿ ಸಕಾಲದ ನಂಬರ್ ಇಟ್ಟುಕೊಂಡು ಹೋದರೂ ಸರ್ವರ್ ಇಲ್ಲ ಅಂತಾರೆ.

ಸಾಗರದ ನಿವೃತ್ತ

ಅದೂ ಆಗುತ್ತೆ. ನಂಬರ್ ಇದ್ದ ಮಾತ್ರಕ್ಕೆ ಕೆಲಸ ಆಗೇಬಿಡುತ್ತೆ ಅಂತ ನಾನು ಹೇಳಲ್ಲ. ಯಾವತ್ತಿಂದ ತಡ ಆಯ್ತು ಅಂತ ತೋರಿಸೋಕೆ ಆಗುತ್ತೆ, ಅಷ್ಟೇ.

ಕುಪ್ಪಳಿ ರಸ್ತೆ

ಅಕ್ಕ, ಎರಡನೇ ಔಷಧಿ ಮರೀಬೇಡಿ. ಎಲ್ಲರೂ ಮೊದಲನೆಯದಕ್ಕೆ ದಿನ ಕಟ್ಟಿ, ಎರಡನೆಯದಕ್ಕೆ “ಒಂದು ತಿಂಗಳು ಬಿಟ್ಟು ಬನ್ನಿ” ಅಂತ ಬಿಡ್ತಾರೆ. ಅದು ಮೊದಲನೇ ಔಷಧಿ ಆದ 40ರಿಂದ 45 ದಿನಕ್ಕೆ ಆಗಬೇಕು. ಮೇ 22ಕ್ಕೆ ಮುಗಿದರೆ ಜುಲೈ 1ರಿಂದ 6ರ ಒಳಗೆ. ಆದರೆ ಮೊದಲನೆಯದು 26ಕ್ಕೆ ಜಾರಿದರೆ ಇದೂ ಜುಲೈ 5ರಿಂದ 10ಕ್ಕೆ ಜಾರುತ್ತೆ. ಹಾಗಾಗಿ ಈಗಲೇ ಜುಲೈ ತಾರೀಖು ಕೊಟ್ಟು ಕೂರಬೇಡಿ. “ಮೊದಲನೆಯದು ಮುಗಿದ ದಿನವೇ ಎರಡನೆಯದಕ್ಕೆ ದಿನ ಗೊತ್ತು ಮಾಡೋದು” ಅಂತ ಬರೆಯಿರಿ. ಅವತ್ತು ಸಂಜೆ ಮೇಸ್ತ್ರಿ ದುಡ್ಡು ತಗೊಳ್ಳೋಕೆ ಮನೆ ಹತ್ತಿರ ಬಂದೇ ಬರುತ್ತಾರೆ. ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ಇಬ್ಬರೂ ಗುರುತು ಹಾಕಿ.

ಇನ್ನೊಂದು ಏನಂದ್ರೆ, ಜುಲೈನಲ್ಲಿ ಬಿಡದೆ ಸುರಿಯುತ್ತೆ. ಅಲ್ಲಿ ತಾರೀಖಿನ ಜೊತೆ “ಮಳೆ ಬಿಟ್ಟರೆ” ಅನ್ನೋದು ಇರಲೇಬೇಕು, ಬೇರೆ ದಾರಿ ಇಲ್ಲ. ಆದರೆ ಅದಕ್ಕೂ ಒಂದು ಮಿತಿ ಇಡಬಹುದು. ನಾವು ಹೇಳೋದು ಹೀಗೆ. “ಜುಲೈ 1ರಿಂದ ದಿನಾ ಬೆಳಿಗ್ಗೆ 7ಕ್ಕೆ ಫೋನು ಮಾಡ್ತೀನಿ. ನಮ್ಮಲ್ಲಿ ಹೊಳವಾಗಿದ್ದರೆ ಅವತ್ತು ಬರ್ತೀರಾ ಇಲ್ವಾ, ಅಷ್ಟು ಹೇಳಿ.” ಐದು ನಿಮಿಷದ ಕೆಲಸ. ಸಂಜೆವರೆಗೂ ದಾರಿ ಕಾಯೋದು ತಪ್ಪುತ್ತೆ.

ಕೊಪ್ಪ ಘಾಟಿ

ನಾನು ಮನೆಗೆ ಹೋಗಿ ಕೂರಬೇಕು ಅಂದಿದ್ದೆ. ಈಗಲೂ ಅದನ್ನೇ ಹೇಳ್ತೀನಿ, ಆದರೆ ಅಕ್ಕನ ಮೆಸೇಜಿನಲ್ಲಿ ಇರೋದನ್ನೇ ಕೂತು ಮಾತಾಡಿ. ಮೆಸೇಜು ಆಮೇಲೆ ಕಳಿಸಿ, “ಇವತ್ತು ಮಾತಾಡಿದ್ದು ಇದು” ಅಂತ. ಓದು ಬರಹ ಕಮ್ಮಿ ಇರುವ ಮೇಸ್ತ್ರಿಗಳೂ ಇದ್ದಾರೆ. ಉದ್ದ ಮೆಸೇಜು ಓದದೇ ಬಿಡ್ತಾರೆ.

ತೀರ್ಥಹಳ್ಳಿ ತೋಟ

ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಮೇಸ್ತ್ರಿ ವಾಯ್ಸ್ ಮೆಸೇಜೇ ಕಳಿಸೋದು. ನಾನೂ ಅದನ್ನೇ ವಾಯ್ಸ್‌ನಲ್ಲಿ ಹೇಳಿ, ತಾರೀಖು ಮಾತ್ರ ಕೆಳಗೆ ಬರೀತೀನಿ.

ಹಳೇ ಮನೆ ಜಗಲಿ

ಹಾಗೆ ಮಾಡಿ ಮಗಾ. ಅಪ್ಪನ ದನಿಯಲ್ಲಿ ಕಳಿಸಿದರೆ ಇನ್ನೂ ಒಳ್ಳೇದು, ಅವರಿಗೆ ಅವರ ಪರಿಚಯ ಇರುತ್ತೆ. ಕಾಗದದ ಮೇಲೆ ಕರಾರು ಹಾಕಿದ ಹಾಗೆ ಆಗಬಾರದು ಅನ್ನೋದಷ್ಟೇ ನನ್ನ ಮಾತು.

ಸಾಗರದ ನಿವೃತ್ತ

ಅದು ಬೇಕಿಲ್ಲ ಅಂತ ನಾನೂ ಹೇಳ್ತೀನಿ. ಆದರೆ “ಭಾನುವಾರ ರಾತ್ರಿ ಒಳಗೆ ಹೇಳಿ” ಅನ್ನೋದನ್ನು ತೆಗೀಬೇಡಿ. ಉಳಿದದ್ದು ಹೇಗೆ ಬೇಕಾದರೂ ಹೇಳಿ.

ಹಳೇ ಮನೆ ಜಗಲಿ

ಭಾನುವಾರ ಕೇಳಿ, ಸೋಮವಾರ ಒಂದು ಫೋನು ಮಾಡಿ, ಆಮೇಲೆ ಬೇರೆಯವರನ್ನು ಹುಡುಕಿ. ಆ ಒಂದು ಫೋನು ಬಿಡಬಾರದು.

ತೀರ್ಥಹಳ್ಳಿ ತೋಟ

ಸರಿ, ಫೋನು ಖಂಡಿತ ಮಾಡ್ತೀನಿ. ಮೇಸ್ತ್ರಿಯವರೇ, ಒಂದು ಕೇಳೋದಿತ್ತು. ನಮ್ಮವರಿಗೆ ಆಗದೇ ಹೋದರೆ 18ರಿಂದ 26ರ ಮಧ್ಯ ನಿಮ್ಮ ತಂಡಕ್ಕೆ ಯಾವುದಾದರೂ ಎರಡು ದಿನ ಬಿಡುವಿದೆಯಾ? ಸೋಮವಾರ ರಾತ್ರಿ 9ಕ್ಕೆ ಬೇಕೋ ಬೇಡವೋ ಅಂತ ನಾನೇ ಹೇಳ್ತೀನಿ.

ದೋಟಿ ಮೇಸ್ತ್ರಿ

25, 26 ಸದ್ಯಕ್ಕೆ ಖಾಲಿ ಇದೆ. ಸೋಮವಾರ 9ರವರೆಗೆ ಯಾರಿಗೂ ಕೊಡಲ್ಲ, ಆಮೇಲೆ ಕೇಳಿದವರಿಗೆ ಕೊಡ್ತೀನಿ. ಮೈಲುತುತ್ತ ನೀವೇ ತರಬೇಕು.